ಬೈಸಿಕಲ್ಲಿನ ದೀಪವೂ ತುಳಿತದ ಭಾರವೂ

ಕೆಂಗೇರಿಯು ಬೆಂಗಳೂರಿನಿಂದ ದೂರವಿದ್ದ ಹಳ್ಳಿಯಾಗಿದ್ದ ಕಾಲದ ಕತೆಯೊಂದನ್ನು ಕಲ್ಪಿಸಿಕೊಳ್ಳೋಣ. ಅಲ್ಲಿಯ ಹುಡುಗನೊಬ್ಬನು ಸಂಜೆ ಮೈಸೂರು ರಸ್ತೆಯಲ್ಲಿ ಬೈಸಿಕಲ್ಲನ್ನೇರಿ ಮನೆಗೆ ಹೊರಟನು. ಕತ್ತಲಾಗಲು ಡೈನಮೋವನ್ನು ಟೈರಿಗೆ ಒತ್ತಿದನು. ದೀಪವು ಹತ್ತಿತು, ತುಳಿತವು ಭಾರವಾಯಿತು. ಆರಿಸೋಣವೆಂದರೆ ಎದುರಿನ ಎತ್ತಿನ ಗಾಡಿಯವನಿಗೆ ತಾನು ಕಾಣಿಸನು. ಇದೆಲ್ಲ ಟೈರಿನ ಉಜ್ಜಾಟವೆಂದೇ ಅವನು ಬಗೆದನು.

ಮನೆಗೆ ಬಂದು ಹಿಂದಿನ ಚಕ್ರವನ್ನು ನೆಲದಿಂದೆತ್ತಿ ನಿಲ್ಲಿಸಿ, ಪೆಡಲನ್ನು ಕೈಯಿಂದ ತಿರುಗಿಸಿದನು. ದೀಪವುರಿಯುವಾಗ ಕೈಗೆ ಬಿಗಿ ತೋರಿತು. ಬಳಿಕ ದೀಪದ ತಂತಿಯನ್ನು ಬಿಚ್ಚಿದನು. ಡೈನಮೋ ಮೊದಲಿನಂತೆಯೇ ಉಜ್ಜುತ್ತ ತಿರುಗುತ್ತಿದ್ದರೂ ಬಿಗಿಯು ಸಡಿಲಿತು. ಆದರೆ ಪೂರ್ತಿಯಾಗಿ ಹೋಗಲಿಲ್ಲ. ಉಳಿದುದು ಬಹುಮಟ್ಟಿಗೆ ಉಜ್ಜಾಟ; ಹೋದುದು ದೀಪದ ಪಾಲು.

ಇದರ ಕಾರಣವನ್ನು ನೋಡೋಣ. ಡೈನಮೋವಿನೊಳಗೆ ತಂತಿಸುರುಳಿಯ ಬಳಿ ಅಯಸ್ಕಾಂತವು ತಿರುಗುತ್ತದೆ. ಸುರುಳಿಯನ್ನು ಹಾಯುವ ಅಯಸ್ಕಾಂತಬಲವು ಬದಲಾಗುತ್ತಿರುವಷ್ಟು ಕಾಲ ಅದರಲ್ಲಿ ವಿದ್ಯುತ್ತಿನ ಒತ್ತಡವು ಹುಟ್ಟುವುದೆಂದು 1831ರಲ್ಲಿ ಫ್ಯಾರಡೆಯು ತೋರಿಸಿದನು. ತಂತಿಯು ಬಿಚ್ಚಿದ್ದರೆ ಒತ್ತಡವಿದ್ದರೂ ಪ್ರವಾಹವಿಲ್ಲ. ಕೂಡಿದ್ದರೆ ಪ್ರವಾಹವು ಹರಿದು ಸುರುಳಿಯೇ ಅಯಸ್ಕಾಂತವಾಗುತ್ತದೆ. ಹತ್ತಿರ ಬರುವ ಧ್ರುವವನ್ನು ಅದು ದೂಡುತ್ತದೆ, ದೂರ ಹೋಗುವುದನ್ನು ಸೆಳೆಯುತ್ತದೆ. ತನ್ನನ್ನು ಹುಟ್ಟಿಸಿದ ಚಲನೆಯನ್ನೇ ಪ್ರವಾಹವು ತಡೆಯುವುದೆಂಬ ಈ ನಿಯಮವನ್ನು 1834ರಲ್ಲಿ ಲೆಂಜನು ಹೇಳಿದನು. ತಡೆಯದೆ ನೆರವಾಗಿದ್ದರೆ, ಒಮ್ಮೆ ತಿರುಗಿಸಿದ ಚಕ್ರವು ತಾನಾಗಿಯೇ ವೇಗವೇರಿ ದೀಪವು ಬಿಟ್ಟಿಯಾಗಿ ಉರಿಯಬೇಕಾಗಿತ್ತು!

ಸಾಮಾನ್ಯ ಡೈನಮೋ ದೀಪಕ್ಕೆ ಕೊಡುವುದು 3 ವ್ಯಾಟ್. ಉಜ್ಜಾಟಕ್ಕೂ ಕಾವಿಗೂ ಹೋಗುವುದನ್ನು ಸೇರಿಸಿದರೆ ಕಾಲು ಅದಕ್ಕಿಂತ ಹೆಚ್ಚನ್ನು ತೆರಬೇಕು. ದಾರಿಯಲ್ಲಿ ದೀಪವಾರಿ ತುಳಿತವು ಹಗುರಾದರೆ, ಬಲ್ಬು ಸುಟ್ಟಿತೋ ತಂತಿ ಕಡಿಯಿತೋ ಎಂದು ಹುಡುಗನ ಕಾಲೇ ಅವನಿಗೆ ತಿಳಿಸುತ್ತದೆ.