ಔನ್ಸಿನ ಡಾಲರ್ ದರದಿಂದ ಹತ್ತು ಗ್ರಾಮಿನ ರೂಪಾಯಿ ದರಕ್ಕೆ

ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಚಿನ್ನದ ದರವನ್ನು ಒಂದು ಟ್ರಾಯ್ ಔನ್ಸಿಗೆ ಇಷ್ಟು ಡಾಲರ್ ಎಂದು ಹೇಳುತ್ತಾರೆ. ಭಾರತದ ಚಿನಿವಾರ ಪೇಟೆಯಲ್ಲಿ ಅದೇ ಚಿನ್ನಕ್ಕೆ ಹತ್ತು ಗ್ರಾಮಿಗೆ ಇಷ್ಟು ರೂಪಾಯಿ ಎಂಬ ಲೆಕ್ಕ. ಒಂದನ್ನು ಇನ್ನೊಂದಕ್ಕೆ ತರಲು ಬೇಕಾದದ್ದು ಮೂರೇ ಸಂಗತಿ: ತೂಕದ ಅಳತೆ, ಡಾಲರಿನ ವಿನಿಮಯ ದರ ಮತ್ತು ಆಮದು ಸುಂಕ.

ಮೊದಲ ಎಡವಟ್ಟು ತೂಕದಲ್ಲೇ ಆಗುತ್ತದೆ. ದಿನಬಳಕೆಯ ಸರಕುಗಳ ಔನ್ಸ್ ಎಂದರೆ 28.35 ಗ್ರಾಂ. ಚಿನ್ನ ಬೆಳ್ಳಿಗೆ ಬಳಸುವ ಟ್ರಾಯ್ ಔನ್ಸ್ ಎಂದರೆ 31.1035 ಗ್ರಾಂ. ಮೊದಲನೆಯದನ್ನು ಹಿಡಿದು ಲೆಕ್ಕ ಮಾಡಿದರೆ ಉತ್ತರ ಶೇ 10ರ ಹತ್ತಿರ ಹೆಚ್ಚು ಬರುತ್ತದೆ. ಅಷ್ಟು ವ್ಯತ್ಯಾಸ ಕಂಡರೆ ಬೇರೆಲ್ಲೂ ಹುಡುಕದೆ ಮೊದಲು ಔನ್ಸನ್ನೇ ನೋಡಬೇಕು.

2024ರ ಜುಲೈ 23ರ ಕೇಂದ್ರ ಬಜೆಟ್ ಹೊತ್ತಿನ ದರಗಳಿಗೆ ಹತ್ತಿರವಾದ ಅಂಕಿಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಒಂದು ಔನ್ಸಿಗೆ 2,400 ಡಾಲರ್, ಒಂದು ಡಾಲರಿಗೆ 83.70 ರೂಪಾಯಿ. 2,400ನ್ನು 31.1035ರಿಂದ ಭಾಗಿಸಿದರೆ ಒಂದು ಗ್ರಾಮಿಗೆ 77.16 ಡಾಲರ್, ಹತ್ತು ಗ್ರಾಮಿಗೆ 771.62 ಡಾಲರ್. ಇದನ್ನು 83.70ರಿಂದ ಗುಣಿಸಿದಾಗ 64,584 ರೂಪಾಯಿ ಆಗುತ್ತದೆ. ಇದು ಸುಂಕ ಸೇರುವ ಮೊದಲಿನ ಬೆಲೆ.

ಆ ಬಜೆಟ್ ಚಿನ್ನದ ಆಮದು ಸುಂಕವನ್ನು ಶೇ 15ರಿಂದ ಶೇ 6ಕ್ಕೆ ಇಳಿಸಿತು. ಈ ಆರರಲ್ಲಿ ಐದು ಮೂಲ ಸೀಮಾ ಸುಂಕ, ಒಂದು ಕೃಷಿ ಮೂಲಸೌಕರ್ಯ ಮತ್ತು ಅಭಿವೃದ್ಧಿ ಸೆಸ್. 64,584ಕ್ಕೆ ಶೇ 6 ಅಂದರೆ 3,875 ರೂಪಾಯಿ. ಎರಡನ್ನೂ ಕೂಡಿಸಿದರೆ ಹತ್ತು ಗ್ರಾಂ ಅಪರಂಜಿಯ ಬೆಲೆ 68,459 ರೂಪಾಯಿ. ಹಳೆಯ ಶೇ 15ರ ಸುಂಕವೇ ಇದ್ದಿದ್ದರೆ ಇದೇ ಚಿನ್ನಕ್ಕೆ 74,272 ರೂಪಾಯಿ ಆಗುತ್ತಿತ್ತು.

ಮೇಲಿನ ಹೆಜ್ಜೆಗಳನ್ನೆಲ್ಲ ಒಂದೇ ಸಾಲಿಗೆ ಇಳಿಸಬಹುದು:

```
ಔನ್ಸ್ ದರ × ಡಾಲರ್ ದರ × 10 ÷ 31.1035 × 1.06
```

ಕೊನೆಯ ಮೂರು ಅಂಕಿಗಳನ್ನು ಸೇರಿಸಿಟ್ಟುಕೊಂಡರೆ 0.3408. ಸುಂಕ ಶೇ 6 ಇರುವವರೆಗೆ ಔನ್ಸ್ ದರ, ಡಾಲರ್ ದರ ಮತ್ತು ಈ ಸಂಖ್ಯೆಯನ್ನು ಗುಣಿಸಿದರೆ ಸಾಕು. ಸುಂಕ ಬದಲಾದ ದಿನ 1.06ರ ಜಾಗವೂ ಬದಲಾಗಬೇಕು. ಇದೇ ಸೂತ್ರದಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಉದಾಹರಣೆಯ ದರಗಳಲ್ಲಿ ಔನ್ಸಿಗೆ ಒಂದು ಡಾಲರ್ ಏರಿದರೆ ಇಲ್ಲಿ ಹತ್ತು ಗ್ರಾಮಿಗೆ ಸುಮಾರು 28.50 ರೂಪಾಯಿ ಏರುತ್ತದೆ. ಡಾಲರಿನ ಎದುರು ರೂಪಾಯಿ ಬರೀ ಹತ್ತು ಪೈಸೆ ಕುಸಿದರೆ ಸುಮಾರು 82 ರೂಪಾಯಿ ಏರುತ್ತದೆ. ಹೊರಗೆ ಚಿನ್ನ ಕದಲದಿದ್ದರೂ ಒಳಗೆ ದರ ಜಿಗಿಯುವುದು ಇದರಿಂದಲೇ.

ಸುಂಕದ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಕಸ್ಟಮ್ಸ್‌ನವರು ಸುಂಕ ಹಾಕುವುದು ಆ ಕ್ಷಣದ ಮಾರುಕಟ್ಟೆ ದರದ ಮೇಲಲ್ಲ. ಕೇಂದ್ರ ಪರೋಕ್ಷ ತೆರಿಗೆ ಮತ್ತು ಸೀಮಾ ಸುಂಕ ಮಂಡಳಿ ಹತ್ತು ಗ್ರಾಮಿಗೆ ಇಷ್ಟು ಡಾಲರ್ ಎಂದು ಸುಂಕ ಮೌಲ್ಯವೊಂದನ್ನು ಸಾಮಾನ್ಯವಾಗಿ ಹದಿನೈದು ದಿನಕ್ಕೊಮ್ಮೆ ಪ್ರಕಟಿಸುತ್ತದೆ. ಸುಂಕಕ್ಕೆ ಬಳಸುವ ಡಾಲರ್ ದರವೂ ಪ್ರತ್ಯೇಕವಾಗಿ ಗೊತ್ತುಪಡಿಸಿದ್ದು. ಮಾರುಕಟ್ಟೆ ದರ 771.62 ಡಾಲರ್ ಇದ್ದಾಗ ಸುಂಕ ಮೌಲ್ಯ 750 ಡಾಲರ್, ಕಸ್ಟಮ್ಸ್ ಡಾಲರ್ ದರ 84.50 ಇದೆ ಎಂದುಕೊಂಡರೆ ಸುಂಕ 3,802 ರೂಪಾಯಿ ಆಗುತ್ತದೆ, ಅಂದರೆ 73 ರೂಪಾಯಿ ಕಡಿಮೆ. ಅಂದಾಜು ಲೆಕ್ಕಕ್ಕೆ ಇಷ್ಟು ಅಂತರ ಪರವಾಗಿಲ್ಲ. ಕಿಲೋಗಟ್ಟಲೆ ತರಿಸುವ ವ್ಯಾಪಾರಿಗೆ ಇದು ದೊಡ್ಡ ಮೊತ್ತ.

ಹೀಗೆ ಬಂದ 68,459 ರೂಪಾಯಿಯಲ್ಲಿ ಜಿಎಸ್‌ಟಿ ಇನ್ನೂ ಸೇರಿಲ್ಲ. ಚಿನ್ನಕ್ಕೆ ಅದು ಶೇ 3. ಸುಂಕದ ಆರಕ್ಕೆ ಈ ಮೂರನ್ನು ಕೂಡಿಸಿ ಶೇ 9 ಎಂದು ಲೆಕ್ಕ ಹಾಕಬಾರದು. ಸುಂಕ ಸೇರಿದ ಮೊತ್ತದ ಮೇಲೆ ಜಿಎಸ್‌ಟಿ ಬೀಳುವುದರಿಂದ ಬೆಲೆ 70,513 ರೂಪಾಯಿಗೆ ಮುಟ್ಟುತ್ತದೆ. ಅಂಗಡಿಯ ಫಲಕದಲ್ಲಿ ಸಾಮಾನ್ಯವಾಗಿ ಜಿಎಸ್‌ಟಿ ಬಿಟ್ಟ ದರವಿರುತ್ತದೆ. ಹೋಲಿಸುವ ಮುನ್ನ ಅದನ್ನು ಕೇಳಿ ತಿಳಿದುಕೊಳ್ಳಬೇಕು. ಶುದ್ಧತೆಯೂ ಹಾಗೆಯೇ: ಈ ಲೆಕ್ಕ ಪೂರ್ತಿ ಶುದ್ಧ ಚಿನ್ನದ್ದು. 22 ಕ್ಯಾರೆಟ್ ಒಡವೆಯ ಚಿನ್ನಕ್ಕೆ 0.916ರಿಂದ ಗುಣಿಸಿದರೆ 62,709 ರೂಪಾಯಿ. ಮಜೂರಿ ಬೇರೆ.

ಪೇಟೆಯ ದರ ಈ ಲೆಕ್ಕಕ್ಕೆ ಸದಾ ಕೂಡಿಬರುತ್ತದೆ ಎನ್ನುವಂತಿಲ್ಲ. ಬೇಡಿಕೆ ಜೋರಿದ್ದಾಗ ವ್ಯಾಪಾರಿಗಳು ಇದರ ಮೇಲೆ ಒಂದಿಷ್ಟು ಹೆಚ್ಚು ಕೇಳುತ್ತಾರೆ, ಗಿರಾಕಿ ಇಲ್ಲದಾಗ ರಿಯಾಯಿತಿ ಕೊಡುತ್ತಾರೆ. ಸುಂಕ ಇಳಿದ ಆ ಜುಲೈ ದಿನದಂದು ಲೆಕ್ಕದ ಪ್ರಕಾರ 5,800 ರೂಪಾಯಿ ಇಳಿಯಬೇಕಿತ್ತು. ಎಂಸಿಎಕ್ಸ್ ವಾಯಿದಾ ಪೇಟೆಯಲ್ಲಿ ಇಳಿದದ್ದು ಸುಮಾರು 4,000. ಬಜೆಟ್‌ಗೆ ಮುಂಚೆಯೇ ಪೇಟೆಯ ದರ ಪೂರ್ಣ ಸುಂಕದ ಲೆಕ್ಕಕ್ಕಿಂತ ಕೆಳಗೆ ನಿಂತಿತ್ತು. ಆದ್ದರಿಂದ ಲೆಕ್ಕಕ್ಕೂ ಫಲಕಕ್ಕೂ ನಡುವೆ ಸಣ್ಣ ಅಂತರವಿದ್ದರೆ ಅದು ಪೇಟೆಯ ಏರಿಳಿತ. ಅಂತರ ಶೇ 3ರ ಆಸುಪಾಸಿನಲ್ಲಿದ್ದರೆ ಒಂದು ಕಡೆ ಜಿಎಸ್‌ಟಿ ಸೇರಿದೆಯೇ ನೋಡಬೇಕು, ಶೇ 8ರ ಆಸುಪಾಸಿನಲ್ಲಿದ್ದರೆ 22 ಕ್ಯಾರೆಟ್ ದರವನ್ನು ಅಪರಂಜಿಯ ದರಕ್ಕೆ ಹೋಲಿಸಿದಂತಾಗಿದೆಯೇ ಪರೀಕ್ಷಿಸಬೇಕು.