ಕೆಲಸ ಏಪ್ರಿಲ್‌ವರೆಗೆ ಕಾಯಲಿಲ್ಲ, ಸಂಬಳವೇಕೆ ಕಾಯಬೇಕು?

ಮ್ಯಾನೇಜರ್ ಒಬ್ಬರು ರಾಜೀನಾಮೆ ಕೊಟ್ಟು ಹೋಗುತ್ತಾರೆ. ಮರುದಿನ ಮೇಲಿನವರು ಕರೆದು, 'ಹೊಸಬರು ಬರೋವರೆಗೆ ಸ್ವಲ್ಪ ದಿನ ನೀವೇ ನೋಡ್ಕೊಳ್ಳಿ' ಎನ್ನುತ್ತಾರೆ. ಖಾಸಗಿ ಕಂಪನಿಗಳಲ್ಲಿ ದೊಡ್ಡ ಹೊಣೆ ಹೆಗಲೇರುವುದು ಬಹುಪಾಲು ಹೀಗೆಯೇ. ಆದೇಶ ಪತ್ರ ಇರುವುದಿಲ್ಲ, ಹುದ್ದೆಯ ಹೆಸರು ಬದಲಾಗುವುದಿಲ್ಲ. ಹೊಸಬರ ಸುದ್ದಿ ತಿಂಗಳು ಕಳೆದಂತೆ ತೆಳುವಾಗುತ್ತಾ ಹೋಗುತ್ತದೆ, ಕೆಲಸ ಮಾತ್ರ ನಿಂತಲ್ಲೇ ನಿಲ್ಲುತ್ತದೆ.

ಸರ್ಕಾರಿ ಕಚೇರಿಯಲ್ಲಾದರೆ ಇದಕ್ಕೊಂದು ಹಾದಿ ಇದೆ. ಕರ್ನಾಟಕ ನಾಗರಿಕ ಸೇವಾ ನಿಯಮಗಳಲ್ಲಿ ಹೆಚ್ಚುವರಿ ಪ್ರಭಾರಕ್ಕೆಂದೇ 68ನೇ ನಿಯಮವಿದೆ. ಷರತ್ತುಗಳಿಗೆ ಒಳಪಟ್ಟು ಪ್ರಭಾರ ಭತ್ಯೆಯೂ ಸಿಗುತ್ತದೆ. ಖಾಸಗಿಯಲ್ಲಿ ಅಂಥ ನಿಯಮವಿಲ್ಲ. ಏಪ್ರಿಲ್‌ನ ಇನ್‌ಕ್ರಿಮೆಂಟ್ ಮುಗಿದ ಮೇಲೆ ವರ್ಷದ ನಡುವೆ ಸಂಬಳ ಏರಬೇಕಾದರೆ ನೌಕರರೇ ಬಾಯಿಬಿಡಬೇಕು, ಬಾಯಿಬಿಟ್ಟದ್ದನ್ನು ಕಾಗದಕ್ಕೂ ಇಳಿಸಬೇಕು.

ಆ ಕಾಗದವನ್ನು ಹೆಚ್ಚಿನವರು ತಮ್ಮ ಮ್ಯಾನೇಜರ್ ಓದಲೆಂದು ಬರೆಯುತ್ತಾರೆ. ಎಡವುವುದು ಅಲ್ಲೇ. ಯಾರು ಎಷ್ಟು ದುಡಿಯುತ್ತಿದ್ದಾರೆಂದು ಮ್ಯಾನೇಜರ್‌ಗೆ ಹೇಗೂ ಗೊತ್ತು. ಆದರೆ ನಡುವರ್ಷದ ಏರಿಕೆಗೆ ಒಪ್ಪಿಗೆ ಕೊಡುವ ಅಧಿಕಾರ ಅವರೊಬ್ಬರ ಕೈಯಲ್ಲಿ ಇರುವುದು ಅಪರೂಪ. ಪತ್ರ ಅವರಿಂದ ಎಚ್‌ಆರ್‌ಗೆ, ಅಲ್ಲಿಂದ ಹಣಕಾಸು ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ಕೂತವರು ಅರ್ಜಿದಾರರ ಮುಖವನ್ನೂ ನೋಡಿರಲಿಕ್ಕಿಲ್ಲ. ಮ್ಯಾನೇಜರ್ ಒಂದಕ್ಷರವನ್ನೂ ತಿದ್ದದೆ ಮುಂದಕ್ಕೆ ಕಳಿಸಬಹುದಾದ ಪತ್ರವೇ ಒಳ್ಳೆಯ ಪತ್ರ.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆ. ಸ್ಟೋರ್ಸ್ ವಿಭಾಗದ ಸೀನಿಯರ್ ಎಕ್ಸಿಕ್ಯೂಟಿವ್ ಒಬ್ಬರಿಗೆ ತಿಂಗಳಿಗೆ ಒಟ್ಟು 42,000 ರೂಪಾಯಿ ಸಂಬಳ, ಅದರಲ್ಲಿ ಅರ್ಧ ಬೇಸಿಕ್. ಆಕೆಯ ಕೈಕೆಳಗೆ 4 ಜನ. ಮೇ ತಿಂಗಳಲ್ಲಿ ಡಿಸ್ಪ್ಯಾಚ್ ಮ್ಯಾನೇಜರ್ ಕೆಲಸ ಬಿಟ್ಟರು. ಅವರ ವಿಭಾಗವೂ ಆಕೆಯ ಪಾಲಿಗೆ ಬಂತು. ಈಗ 11 ಜನ. ಅಕ್ಟೋಬರ್ ಬಂದರೂ ಆ ಕುರ್ಚಿ ಖಾಲಿಯೇ ಇದೆ.

ಪತ್ರ ಬರೆಯುವ ಮೊದಲು ಆಕೆ ಮಾಡಬೇಕಾದದ್ದು ಒಂದು ಗೆರೆ ಎಳೆಯುವುದು. ಮೇ ತಿಂಗಳಿಗಿಂತ ಹಿಂದಿನ ಸಾಧನೆಗಳೆಲ್ಲ ಗೆರೆಯ ಆಚೆ. ಕಳೆದ ವರ್ಷ ಸ್ಟಾಕ್ ಲೆಕ್ಕ ಸರಿಪಡಿಸಿದ್ದು, ಆಡಿಟ್‌ನಲ್ಲಿ ಒಳ್ಳೆಯ ಹೆಸರು ಬಂದದ್ದು, ಇವಕ್ಕೆ ಏಪ್ರಿಲ್‌ನಲ್ಲಿ ಕೂಲಿ ಸಂದಾಯವಾಗಿದೆ ಎಂದೇ ಕಂಪನಿ ಭಾವಿಸುತ್ತದೆ. ಅವನ್ನು ಮತ್ತೆ ಎಳೆತಂದರೆ, 'ಇದೆಲ್ಲ ಅಪ್ರೈಸಲ್‌ನಲ್ಲಿ ಬಂದಿದೆಯಲ್ಲ' ಎಂಬ ಒಂದೇ ಮಾತಿಗೆ ಇಡೀ ಅರ್ಜಿ ಮಗುಚಿಕೊಳ್ಳುತ್ತದೆ. ಹೊಣೆ ಬದಲಾದ ದಿನದಿಂದ ಈಚೆಗಿನದ್ದು ಮಾತ್ರ ಪತ್ರದೊಳಗೆ ಬರಬೇಕು.

ಇನ್ನು ಫಲಿತಾಂಶಗಳು. 'ಡಿಸ್ಪ್ಯಾಚ್ ತುಂಬಾ ಸುಧಾರಿಸಿದೆ' ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. ಮೊದಲು ಎಷ್ಟಿತ್ತು, ಈಗ ಎಷ್ಟಿದೆ, ಆ ಅಂಕಿ ಯಾವ ದಾಖಲೆಯಲ್ಲಿದೆ, ಆಕೆ ಏನು ಮಾಡಿದ್ದರಿಂದ ಹಾಗಾಯಿತು, ಇವು ನಾಲ್ಕೂ ಒಟ್ಟಿಗೆ ಬರಬೇಕು. ಗ್ರಾಹಕರಿಗೆ ಒಪ್ಪಿಕೊಂಡ ದಿನಕ್ಕೆ ಗೇಟು ದಾಟಿದ ಆರ್ಡರ್‌ಗಳು ಕಳೆದ ವರ್ಷ ಜುಲೈನಿಂದ ಸೆಪ್ಟೆಂಬರ್‌ವರೆಗೆ ನೂರಕ್ಕೆ 78 ಇದ್ದವು, ಈ ವರ್ಷ ಅದೇ ಮೂರು ತಿಂಗಳಲ್ಲಿ 93 ಎಂದುಕೊಳ್ಳೋಣ. ಅದೇ ತಿಂಗಳುಗಳನ್ನು ಹೋಲಿಸಿದ್ದಕ್ಕೆ ಕಾರಣವಿದೆ. ಹಬ್ಬದ ಮುಂಚಿನ ಆರ್ಡರ್‌ಗಳ ಒತ್ತಡವನ್ನು ಬೇಸಿಗೆಯ ಬಿಡುವಿನ ಜೊತೆ ತೂಗಿದರೆ ಲೆಕ್ಕ ತಪ್ಪುತ್ತದೆ, ಓದುವವರಿಗೆ ಸಂಶಯವೂ ಬರುತ್ತದೆ.

ಎರಡನೆಯ ಅಂಕಿ ಹಣದ್ದು, ಹಾಗಾಗಿ ಹೆಚ್ಚು ಸೂಕ್ಷ್ಮ. ಮಾಲು ತಡವಾದಾಗ ಗ್ರಾಹಕರ ಉತ್ಪಾದನೆ ನಿಲ್ಲಬಾರದೆಂದು ಕಾರ್ಖಾನೆಗಳು ಸ್ಪೆಷಲ್ ಗಾಡಿ ಮಾಡಿ ಕಳಿಸುತ್ತವೆ. ಲೋಡು ಅರ್ಧವಿದ್ದರೂ ಬಾಡಿಗೆ ಪೂರ್ತಿ. ಈ ಕಾರ್ಖಾನೆಯಲ್ಲಿ ಅದರ ಖರ್ಚು ತಿಂಗಳಿಗೆ ಸರಾಸರಿ 1.8 ಲಕ್ಷ ಇದ್ದದ್ದು 60,000ಕ್ಕೆ ಇಳಿಯಿತು. ಮೇಲ್ನೋಟಕ್ಕೆ ಉಳಿತಾಯ 1.2 ಲಕ್ಷ. ಆದರೆ ನಡುವೆ ಹೊಸೂರಿನ ಗ್ರಾಹಕರೊಬ್ಬರು ಆರ್ಡರ್ ಕಡಿಮೆ ಮಾಡಿದ್ದರು. ಮೊದಲು ಅವರೊಬ್ಬರಿಗೇ ತಿಂಗಳಿಗೆ ಸುಮಾರು 30,000 ರೂಪಾಯಿಯ ಸ್ಪೆಷಲ್ ಗಾಡಿ ಹೋಗುತ್ತಿತ್ತು. ಆ ಇಳಿಕೆಯಲ್ಲಿ ಆಕೆಯ ಪಾತ್ರವಿಲ್ಲ. ಜಾಣರು ಅದನ್ನು ತಾವೇ ಕಳೆದು 90,000 ಎಂದು ಬರೆಯುತ್ತಾರೆ, ಕಳೆದದ್ದೇಕೆ ಎಂದೂ ಒಂದು ಸಾಲು ಸೇರಿಸುತ್ತಾರೆ. ಹಣಕಾಸಿನವರ ಬಳಿ ಸಾಗಣೆ ಬಿಲ್ಲುಗಳೆಲ್ಲ ಇರುತ್ತವೆ. ಒಂದು ಅಂಕಿ ಉಬ್ಬಿಸಿದ್ದು ಕಂಡರೆ ಅವರು ಮಿಕ್ಕ ಅಂಕಿಗಳನ್ನೂ ನಂಬುವುದಿಲ್ಲ.

ಇಳಿಕೆ ಆದದ್ದು ಹೇಗೆ ಎಂಬುದಕ್ಕೂ ಉತ್ತರ ಬೇಕು. ತಡವಾಗುತ್ತಿದ್ದದ್ದು ಮಾಲು ತಯಾರಾಗದೆ ಅಲ್ಲ, ಎಷ್ಟೋ ಸಲ ಪ್ಯಾಕಿಂಗ್ ಡಬ್ಬಿ ಮುಗಿದಿರುತ್ತಿತ್ತು. ಡಬ್ಬಿ ಸ್ಟೋರ್ಸ್‌ನದು, ಗಾಡಿ ಡಿಸ್ಪ್ಯಾಚ್‌ನದು, ಇಬ್ಬರಿಗೂ ಮಾತುಕತೆ ಇರಲಿಲ್ಲ. ಎರಡೂ ವಿಭಾಗ ಒಬ್ಬರ ಕೈಗೆ ಬಂದ ಮೇಲೆ ನಾಳೆಯ ಲೋಡಿಂಗ್ ಪಟ್ಟಿ ಇಂದು ಸಂಜೆ 4ಕ್ಕೇ ಸ್ಟೋರ್ಸ್‌ಗೆ ಸಿಗತೊಡಗಿತು. ಹೊಣೆ ದೊಡ್ಡದಾದದ್ದಕ್ಕೂ ಫಲ ಬಂದದ್ದಕ್ಕೂ ಇರುವ ನಂಟು ಇದೇ. ಇದನ್ನು ತೋರಿಸದ ಪತ್ರ ಶಾಭಾಸ್‌ಗಿರಿ ತರಬಹುದು, ಸಂಬಳ ತರಲಾರದು.

ಪತ್ರದ ಒಡಲು ಹೀಗಿರಬಹುದು. ಹೆಚ್ಚಿನ ಕಡೆ ಇದನ್ನು ಇಂಗ್ಲಿಷಿನಲ್ಲೇ ಬರೆಯುತ್ತಾರೆ. ಭಾಷೆ ಯಾವುದಾದರೂ ಅಳತೆ ಒಂದು ಪುಟ ಮೀರಬಾರದು.

'ಮಾನ್ಯರೇ,

ಈ ದಿನ ತಮ್ಮೊಂದಿಗೆ ಮಾತನಾಡಿದಂತೆ, ನನ್ನ ಹುದ್ದೆ ಮತ್ತು ವೇತನದ ಪರಿಷ್ಕರಣೆಗಾಗಿ ಈ ಮನವಿ.

ಮೇ ತಿಂಗಳಿನಿಂದ ಸ್ಟೋರ್ಸ್ ಜೊತೆಗೆ ಡಿಸ್ಪ್ಯಾಚ್ ವಿಭಾಗವನ್ನೂ ನೋಡಿಕೊಳ್ಳುತ್ತಿದ್ದೇನೆ. ತಂಡ 4ರಿಂದ 11ಕ್ಕೆ ಏರಿದೆ. ಸಾಗಣೆದಾರರ ಬಿಲ್ ಮಂಜೂರಾತಿ ಮತ್ತು ಗ್ರಾಹಕರ ದೂರುಗಳ ವಿಚಾರಣೆ ಹೊಸದಾಗಿ ಸೇರಿವೆ.

ಜುಲೈನಿಂದ ಸೆಪ್ಟೆಂಬರ್‌ವರೆಗಿನ ಫಲಿತಾಂಶ: ಸಮಯಕ್ಕೆ ಸರಿಯಾದ ರವಾನೆ ಕಳೆದ ವರ್ಷ ಇದೇ ಅವಧಿಯಲ್ಲಿ ಶೇ 78 ಇದ್ದದ್ದು ಶೇ 93 ಆಗಿದೆ (ಗೇಟ್ ರಿಜಿಸ್ಟರ್ ಪ್ರಕಾರ). ಸ್ಪೆಷಲ್ ಗಾಡಿ ಖರ್ಚು ತಿಂಗಳಿಗೆ ಸುಮಾರು 90,000 ರೂ. ತಗ್ಗಿದೆ, ಆರ್ಡರ್ ಇಳಿಕೆಯಿಂದಾದ 30,000 ರೂ. ಇದರಲ್ಲಿ ಸೇರಿಲ್ಲ.

ಈ ಹೊಣೆ ಮುಂದುವರಿಯುವುದಾದರೆ, ಅಸಿಸ್ಟೆಂಟ್ ಮ್ಯಾನೇಜರ್ ಹುದ್ದೆ ಹಾಗೂ ಮಾಸಿಕ 54,000 ರೂ. ಒಟ್ಟು ವೇತನವನ್ನು ಅಕ್ಟೋಬರ್ 1ರಿಂದ ಅನ್ವಯವಾಗುವಂತೆ ಪರಿಗಣಿಸಬೇಕೆಂದು ಕೋರುತ್ತೇನೆ. ಪೂರಕ ಅಂಕಿಅಂಶ ಲಗತ್ತಿಸಿದೆ.'

ಮನೆ ಸಾಲದ ಕಂತು ಈ ಪತ್ರದಲ್ಲಿಲ್ಲ. ಮಕ್ಕಳ ಶಾಲಾ ಶುಲ್ಕವಿಲ್ಲ, ಪಕ್ಕದ ಮೇಜಿನವರ ಸಂಬಳವಿಲ್ಲ, ಬೇರೆ ಕಂಪನಿಯ ಆಫರ್ ಇದೆಯೆಂಬ ಬೆದರಿಕೆಯೂ ಇಲ್ಲ. ಕಷ್ಟಗಳು ನಿಜವೇ ಇರಬಹುದು, ಆದರೆ ಎಚ್‌ಆರ್‌ನವರು ಅವನ್ನು ತಮ್ಮ ಟಿಪ್ಪಣಿಯಲ್ಲಿ ಕಾರಣವೆಂದು ಬರೆಯಲಾರರು. ಇನ್ನೊಂದು ವಿಷಯ, 'ಈ ದಿನ ಮಾತನಾಡಿದಂತೆ' ಎಂಬ ಮೊದಲ ಸಾಲು ಬರಿಯ ಔಪಚಾರಿಕತೆಯಲ್ಲ. ಮುನ್ಸೂಚನೆಯಿಲ್ಲದೆ ಇಮೇಲ್‌ನಲ್ಲಿ ಇಂಥ ಪತ್ರ ಬಂದರೆ ಮ್ಯಾನೇಜರ್ ಗಾಬರಿಯಾಗುತ್ತಾರೆ. ಬೆಳಿಗ್ಗೆ ಎದುರು ಕೂತು ಮಾತು, ಸಂಜೆಯೊಳಗೆ ಪತ್ರ ಎಂಬ ಕ್ರಮವೇ ಸರಿ.

54,000 ಎಂಬ ಮೊತ್ತ ಎಲ್ಲಿಂದ ಬಂತು? ಶೇಕಡಾವಾರು ಏರಿಕೆ ಕೇಳುವುದು ಇಲ್ಲಿ ಅಷ್ಟು ಸರಿಹೊಂದುವುದಿಲ್ಲ, ಏಕೆಂದರೆ ಶೇ 28ಕ್ಕೂ ಮೇಲೆ ಎಂದಾಕ್ಷಣ ಏಪ್ರಿಲ್‌ನ ಶೇ 8, ಶೇ 10ರ ಪಕ್ಕದಲ್ಲಿ ಅದು ವಿಪರೀತವಾಗಿ ಕಾಣುತ್ತದೆ. ಇದು ಇನ್‌ಕ್ರಿಮೆಂಟ್ ಅಲ್ಲ, ಬೇರೆ ಹುದ್ದೆಯ ಸಂಬಳ. ಆ ಹುದ್ದೆಗೆ ಕಂಪನಿಯ ಗ್ರೇಡ್ ಪಟ್ಟಿಯಲ್ಲಿ ಎಷ್ಟಿದೆ, ಅದೇ ಕೆಲಸಕ್ಕೆ ಹೊರಗಿನ ಜಾಹೀರಾತುಗಳಲ್ಲಿ ಎಷ್ಟು ಹೇಳುತ್ತಿದ್ದಾರೆ ಎಂಬುದರಿಂದ ಮೊತ್ತ ಹುಟ್ಟಬೇಕು.

ಕಂಪನಿಯ ಕಡೆಯ ಲೆಕ್ಕವನ್ನೂ ಆಕೆ ಹಾಕಿಟ್ಟುಕೊಂಡಿರಬೇಕು. 12,000 ಏರಿಕೆಯಲ್ಲಿ ಬೇಸಿಕ್ 6,000. ಅದರ ಮೇಲೆ ಶೇ 12 ಪಿಎಫ್ ಎಂದರೆ 720 ರೂಪಾಯಿ, ಗ್ರಾಚ್ಯುಟಿಗೆ ಶೇ 4.81ರಂತೆ ಇನ್ನೂ 289. ಪಿಎಫ್ ಅನ್ನು 15,000 ರೂಪಾಯಿ ಮಿತಿಗಷ್ಟೇ ಕಟ್ಟುವ ಕಂಪನಿಯಾದರೆ ಮೊದಲನೆಯದು ಬೀಳುವುದಿಲ್ಲ. ಒಟ್ಟಾರೆ ತಿಂಗಳಿಗೆ 13,000, ವರ್ಷಕ್ಕೆ ಸುಮಾರು 1.56 ಲಕ್ಷದ ಹೊರೆ. ಹೋದ ಮ್ಯಾನೇಜರ್‌ಗೆ ತಿಂಗಳಿಗೆ 68,000 ಮೀಸಲಿತ್ತು ಅಂದುಕೊಂಡರೆ ವರ್ಷಕ್ಕೆ 8 ಲಕ್ಷ ದಾಟಿತು. ಬಜೆಟ್ ಏಪ್ರಿಲ್‌ನಲ್ಲೇ ಮುಗಿಯಿತು ಎಂಬುದು ಈ ಮನವಿಗೆ ಸಾಮಾನ್ಯವಾಗಿ ಸಿಗುವ ಉತ್ತರ. ಖಾಲಿ ಹುದ್ದೆಯ ಹಣ ಅದೇ ಬಜೆಟ್‌ನಲ್ಲಿ ಖರ್ಚಾಗದೆ ಕೂತಿದೆ ಎಂಬುದು ಅದಕ್ಕೆ ತಕ್ಕ ಮರುಮಾತು. ಇದನ್ನು ಪತ್ರದಲ್ಲಿ ಬರೆಯುವುದಕ್ಕಿಂತ ಮ್ಯಾನೇಜರ್ ಬಾಯಿಗೆ ಒದಗಿಸುವುದು ಮೇಲು. ಅವರು ಹೇಳಿದರೆ ಅದಕ್ಕೆ ತೂಕ ಹೆಚ್ಚು. ಹೊಸ ಮ್ಯಾನೇಜರ್ ನೇಮಕಕ್ಕೆ ಸಂದರ್ಶನ ನಡೆಯುತ್ತಿದ್ದರೆ ಮಾತ್ರ ಈ ವಾದ ನಿಲ್ಲುವುದಿಲ್ಲ. ಆಗ ಕೇಳಬೇಕಾದದ್ದು ಕಾಯಂ ಏರಿಕೆಯಲ್ಲ, ಹೊಣೆ ಹೊತ್ತ ತಿಂಗಳುಗಳಿಗೆ ವಿಶೇಷ ಭತ್ಯೆ.

ಉತ್ತರ ಹೌದು ಎಂದು ಬಂದಾಗಲೂ ನೋಡಿಕೊಳ್ಳಬೇಕಾದದ್ದು ಉಂಟು. ಏರಿಕೆಯನ್ನು ವೇರಿಯಬಲ್ ಪೇ ಆಗಿ ಕೊಟ್ಟರೆ ಸಿಟಿಸಿ ದೊಡ್ಡದಾಗುತ್ತದೆ, ತಿಂಗಳ ಕೊನೆಗೆ ಖಾತೆಗೆ ಬೀಳುವ ಹಣ ಹಾಗೇ ಇರುತ್ತದೆ. ಒಂದೇ ಬಾರಿಯ ಬೋನಸ್ ಕೊಟ್ಟು ಕೈತೊಳೆದುಕೊಂಡರೆ ಮುಂದಿನ ಏಪ್ರಿಲ್‌ನ ಲೆಕ್ಕ ಮತ್ತೆ 42,000ದಿಂದಲೇ ಶುರು. ನಡುವರ್ಷದಲ್ಲಿ ಸಂಬಳ ಏರಿದವರನ್ನು ಏಪ್ರಿಲ್ ಪಟ್ಟಿಯಿಂದ ಕೈಬಿಡುವ ಅಥವಾ ಆರು ತಿಂಗಳ ಪಾಲನ್ನಷ್ಟೇ ಕೊಡುವ ಪದ್ಧತಿಯೂ ಕೆಲವೆಡೆ ಇದೆ. ಹಾಗೇನಾದರೂ ಇದೆಯೇ ಎಂದು ಒಪ್ಪಿಕೊಳ್ಳುವ ಮುಂಚೆಯೇ ಎಚ್‌ಆರ್ ಬಳಿ ಕೇಳಿಕೊಳ್ಳಬೇಕು.

'ಈಗ ಆಗಲ್ಲ, ನೋಡೋಣ' ಎಂದರೆ ಎರಡು ಪ್ರಶ್ನೆ ಸಾಕು: ಯಾವ ತಿಂಗಳು ನೋಡೋಣ, ಏನಾದರೆ ಆಗುತ್ತದೆ? ಸಿಕ್ಕ ಉತ್ತರವನ್ನು ಅಂದೇ ಎರಡು ಸಾಲಿನ ಇಮೇಲ್ ಮಾಡಿ ಮ್ಯಾನೇಜರ್‌ಗೆ ಕಳಿಸಿಡಬೇಕು, ಏಕೆಂದರೆ ಏಪ್ರಿಲ್ ಹೊತ್ತಿಗೆ ಆ ಕುರ್ಚಿಯಲ್ಲಿ ಬೇರೆ ಮ್ಯಾನೇಜರ್ ಇರಬಹುದು. ಒಪ್ಪಿಗೆ ಸಿಕ್ಕವರು ಹೊಸ ಹುದ್ದೆ, ಹೊಸ ಮೊತ್ತ, ಅನ್ವಯದ ದಿನಾಂಕ ಮೂರೂ ಇರುವ ಪರಿಷ್ಕೃತ ವೇತನ ಪತ್ರವನ್ನು ಕೇಳಿ ಪಡೆಯಲಿ. ಮುಂದಿನ ತಿಂಗಳ ಪೇಸ್ಲಿಪ್‌ನಲ್ಲಿ ಮೊದಲು ನೋಡಬೇಕಾದದ್ದು ಬೇಸಿಕ್ ಎಂಬ ಸಾಲನ್ನು. ಅಲ್ಲಿ 21,000 ಇದ್ದದ್ದು 27,000 ಆಗಿರಬೇಕು.