ಬಿಪಿ ಬೀಳುವ ಮೊದಲೇ: ಶಾಕ್ ಯಾವ ಬಗೆಯದೆಂದು ನರ್ಸ್ ಗುರುತಿಸುವುದು ಹೇಗೆ

ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಗಬಹುದಾದ ಒಂದು ಸಂದರ್ಭ ತೆಗೆದುಕೊಳ್ಳೋಣ. ಮಗು ಹುಟ್ಟಿ 40 ನಿಮಿಷವಾಗಿದೆ, ಮಾಸು ಬಿದ್ದಿದೆ. ಬಾಣಂತಿಯ ತೂಕ ಸುಮಾರು 50 ಕೆ.ಜಿ. ಬಿಪಿ 108/84. ಅಂಕಿ ಕೇಳಿದ ಮನೆಯವರಿಗೆ ಸಮಾಧಾನ. ಆದರೆ ಕೈ ಹಿಡಿದು ನೋಡಿದ ಸಿಸ್ಟರ್‌ಗೆ ಸಮಾಧಾನವಿಲ್ಲ. ನಾಡಿ 118 ಬಡಿಯುತ್ತಿದೆ, ಅಂಗೈ ತಣ್ಣಗೆ ಬೆವರಿದೆ. ಬೆರಳ ತುದಿಯನ್ನು 5 ಸೆಕೆಂಡು ಒತ್ತಿ ಬಿಟ್ಟರೆ ಕೆಂಪು ಮರಳಲು 4 ಸೆಕೆಂಡು ಹಿಡಿಯಿತು. ಸಾಮಾನ್ಯವಾಗಿ ಎರಡು, ಹೆಚ್ಚೆಂದರೆ ಮೂರು ಸೆಕೆಂಡಿನಲ್ಲಿ ಮರಳಬೇಕು.

ವೈದ್ಯರ ಭಾಷೆಯಲ್ಲಿ ಶಾಕ್ ಎಂದರೆ ಅಂಗಾಂಗಗಳಿಗೆ ಸಾಕಷ್ಟು ರಕ್ತ, ಆ ಮೂಲಕ ಸಾಕಷ್ಟು ಆಮ್ಲಜನಕ ತಲುಪದ ಸ್ಥಿತಿ. ಬಿಪಿ ಬೀಳುವುದು ಅದರ ಒಂದು ಲಕ್ಷಣ, ಅದೂ ಎಷ್ಟೋ ಸಲ ತಡವಾಗಿ ಬರುವ ಲಕ್ಷಣ. ರಕ್ತ ಕಡಿಮೆಯಾಗುತ್ತಿದ್ದಂತೆ ದೇಹ ಚರ್ಮದ ಮತ್ತು ಕೈಕಾಲಿನ ಸಣ್ಣ ರಕ್ತನಾಳಗಳನ್ನು ಬಿಗಿಹಿಡಿದು, ಇದ್ದ ರಕ್ತವನ್ನು ಹೃದಯಕ್ಕೂ ಮಿದುಳಿಗೂ ತಿರುಗಿಸುತ್ತದೆ. ಕೈ ತಣ್ಣಗಾಗುವುದು ಅದಕ್ಕೇ. ನಾಳಗಳು ಬಿಗಿದಾಗ ಬಿಪಿಯ ಕೆಳಗಿನ ಅಂಕಿ ಇಳಿಯುವುದಿಲ್ಲ, ಕೆಲವೊಮ್ಮೆ ಏರುತ್ತದೆ. ಮೇಲಿನ ಅಂಕಿ ಮಾತ್ರ ನಿಧಾನವಾಗಿ ಇಳಿಯುತ್ತದೆ. 120/80 ಇದ್ದಾಗ ಎರಡರ ನಡುವಿನ ಅಂತರ 40. ಈ ಬಾಣಂತಿಯಲ್ಲಿ ಅದು 24ಕ್ಕೆ ಕುಗ್ಗಿದೆ. ನಾಡಿಯನ್ನು ಬಿಪಿಯ ಮೇಲಿನ ಅಂಕಿಯಿಂದ ಭಾಗಿಸಿದರೆ 1.09 ಬರುತ್ತದೆ. ಇದಕ್ಕೆ ಶಾಕ್ ಇಂಡೆಕ್ಸ್ ಎನ್ನುತ್ತಾರೆ. ಹೆರಿಗೆಯ ನಂತರ ಇದು 0.9 ತಲುಪಿದರೆ ಕಾಯುತ್ತ ಕೂರಬಾರದು. ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣವೇ ಹೆಚ್ಚಿರುವುದರಿಂದ, ಲೀಟರಿನಷ್ಟು ಹೋದ ಮೇಲೂ ಬಿಪಿ ಹೆಚ್ಚು ಕದಲದಿರಬಹುದು. ಹೆರಿಗೆ ವಾರ್ಡಿನಲ್ಲಿ ಬಿಪಿಯನ್ನಷ್ಟೇ ನಂಬುವುದು ಅಪಾಯ ಎನ್ನುವುದು ಇದಕ್ಕೇ.

ಈಗ ಸಿಸ್ಟರ್ ಮಾಡುವ ಮೊದಲ ಕೆಲಸ ಗಟ್ಟಿಯಾಗಿ ಸಹಾಯಕ್ಕೆ ಕೂಗುವುದು. ಒಬ್ಬರೇ ನಿಭಾಯಿಸುವ ಕೆಲಸ ಇದಲ್ಲ. ಒಂದು ಕೈ ಹೊಟ್ಟೆಯ ಮೇಲೆ ಹೋಗುತ್ತದೆ: ಗರ್ಭಕೋಶ ಗಟ್ಟಿಯಾಗಿದೆಯೇ, ಮೆತ್ತಗೆ ಸಡಿಲವಾಗಿದೆಯೇ? ಮೆತ್ತಗಿದ್ದರೆ ಗಟ್ಟಿಯಾಗುವವರೆಗೆ ನೀವುವುದು, ಆಕ್ಸಿಟೋಸಿನ್ ಕೊಡುವುದು, ಮೂತ್ರಕೋಶ ಖಾಲಿ ಮಾಡಿಸುವುದು. ಇನ್ನೊಬ್ಬರು ಎರಡೂ ಕೈಗೆ ದಪ್ಪ ಕ್ಯಾನುಲಾ ಹಾಕಿ, ಗುಂಪು ಮತ್ತು ಹೊಂದಾಣಿಕೆ ಪರೀಕ್ಷೆಗೆ ರಕ್ತ ತೆಗೆದು, ಡ್ರಿಪ್ ಶುರು ಮಾಡುತ್ತಾರೆ. ವೈದ್ಯರ ಆದೇಶದಂತೆ 1 ಗ್ರಾಂ ಟ್ರಾನೆಕ್ಸಾಮಿಕ್ ಆಸಿಡ್ ಹೋಗುತ್ತದೆ. ಹೆರಿಗೆಯಾದ 3 ಗಂಟೆಯೊಳಗೆ ಕೊಟ್ಟರಷ್ಟೇ ಅದರಿಂದ ಪ್ರಯೋಜನ. ಮಾಸು ಪೂರ್ತಿ ಬಂದಿದೆಯೇ, ಎಲ್ಲಾದರೂ ಹರಿದಿದೆಯೇ ಎಂದು ನೋಡಬೇಕು. ನೆನೆದ ಬಟ್ಟೆಗಳನ್ನು ತೂಗಿ, ಒಣಬಟ್ಟೆಯ ತೂಕ ಕಳೆದು, ಒಂದು ಗ್ರಾಮಿಗೆ ಒಂದು ಮಿಲಿಲೀಟರ್ ಎಂದು ಲೆಕ್ಕ ಹಿಡಿಯಬೇಕು. ಬರಿಗಣ್ಣಿನ ಅಂದಾಜು ಬಹುತೇಕ ಕಡಿಮೆಯೇ ಇರುತ್ತದೆ. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದೂ ಕೆಡುವುದರಿಂದ ಕಂಬಳಿ ಹೊದಿಸುವುದೂ ಚಿಕಿತ್ಸೆಯೇ.

ಇದು ರಕ್ತ ಅಥವಾ ನೀರಿನಂಶ ಕಳೆದುಕೊಂಡ ಶಾಕ್. ವಾರ್ಡಿನ ಗೋಡೆಯ ಮೇಲೆ ತೂಗುಹಾಕುವ ಪಟ್ಟಿಯಲ್ಲಿ ಇದರ ಜೊತೆಗೆ ಇನ್ನೂ ಮೂರು ಬಗೆ ಇರುತ್ತವೆ. ತೋಟದ ಪಂಪ್‌ಸೆಟ್ ನೀರೆತ್ತದಿದ್ದರೆ ನಾವು ಏನು ನೋಡುತ್ತೇವೆ? ಬಾವಿ ಬತ್ತಿರಬೇಕು, ಮೋಟಾರು ಸೋತಿರಬೇಕು, ಪೈಪಿನಲ್ಲಿ ಏನೋ ಸಿಕ್ಕಿಕೊಂಡಿರಬೇಕು, ಇಲ್ಲವೇ ಪೈಪೇ ವಿಪರೀತ ಅಗಲವಾಗಿ ಒತ್ತಡ ಉಳಿಯದಿರಬೇಕು. ದೇಹದಲ್ಲೂ ಈ ನಾಲ್ಕೇ. ಬಾಣಂತಿಯದು ಬತ್ತಿದ ಬಾವಿ.

ಮೋಟಾರು ಸೋತರೆ, ಅಂದರೆ ಹೃದಯಾಘಾತದಲ್ಲಿ ಹೃದಯವೇ ಬಳಲಿದರೆ, ಕೈ ಇಷ್ಟೇ ತಣ್ಣಗಿರುತ್ತದೆ, ನಾಡಿ ಇಷ್ಟೇ ಚುರುಕಾಗಿ, ಕ್ಷೀಣವಾಗಿರುತ್ತದೆ. ವ್ಯತ್ಯಾಸ ಕಾಣುವುದು ಕತ್ತಿನಲ್ಲಿ. ರಕ್ತ ಹೋದವರ ಕತ್ತಿನ ನರ ಚಪ್ಪಟೆಯಾಗಿ ಕಾಣದಂತಿರುತ್ತದೆ. ಹೃದಯ ಸೋತವರಲ್ಲಿ ಮುಂದೆ ಸಾಗದ ರಕ್ತ ಹಿಂದೆ ನಿಂತು, ತಲೆಯ ಕಡೆ ಮಂಚ ಎತ್ತಿಟ್ಟರೂ ಕತ್ತಿನ ನರ ಉಬ್ಬಿರುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿ, ಸ್ಟೆತಾಸ್ಕೋಪಿಗೆ ಚರಚರ ಸದ್ದು ಕೇಳುತ್ತದೆ. ಬಾಣಂತಿಯನ್ನು ಉಳಿಸುವ ಸಲೈನ್ ಬಾಟಲಿ ಇವರಿಗೆ ವೇಗವಾಗಿ ಹೋದರೆ ಉಸಿರೇ ಕಟ್ಟಬಹುದು. ಆದ್ದರಿಂದ ಸಿಸ್ಟರ್ ಡ್ರಿಪ್ ಓಡಿಸುವುದಿಲ್ಲ. ತಲೆಯ ಭಾಗ ಎತ್ತರಿಸಿ, ರಕ್ತದ ಆಮ್ಲಜನಕ ಕಡಿಮೆಯಿದ್ದರೆ ಆಕ್ಸಿಜನ್ ಹಾಕಿ, 10 ನಿಮಿಷದೊಳಗೆ ಇಸಿಜಿ ತೆಗೆದು, ವೈದ್ಯರನ್ನು ಕರೆಯುತ್ತಾರೆ. ಸಾಮಾನ್ಯ ಜನ ಈ ಇಡೀ ಲೇಖನದಿಂದ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಲಿ: ‘ಸುಸ್ತಾಗಿದೆ, ಒಂದು ಬಾಟಲಿ ಹಾಕಿ ಸಿಸ್ಟರ್’ ಎಂದು ಒತ್ತಾಯಿಸುವಂಥದ್ದಲ್ಲ ಅದು.

ಅಡಚಣೆಯ ಶಾಕ್‌ನಲ್ಲೂ ಕತ್ತಿನ ನರ ಉಬ್ಬುತ್ತದೆ. ಅಪಘಾತದಲ್ಲಿ ಪಕ್ಕೆಲುಬು ಮುರಿದು, ಶ್ವಾಸಕೋಶದಿಂದ ಸೋರಿದ ಗಾಳಿ ಎದೆಯೊಳಗೆ ಸೇರಿ ಒತ್ತುತ್ತಿದ್ದರೆ ಒಂದು ಕಡೆ ಉಸಿರಿನ ಸದ್ದೇ ಇರುವುದಿಲ್ಲ. ಎಕ್ಸ್‌ರೇಗೆ ಕಳಿಸುವಷ್ಟು ಸಮಯ ಇಲ್ಲಿ ಇಲ್ಲ. ಸಿಸ್ಟರ್ ಆಕ್ಸಿಜನ್ ಹಾಕಿ, ವೈದ್ಯರನ್ನು ಕೂಗಿ, ಎದೆಗೆ ಚುಚ್ಚಿ ಗಾಳಿ ಬಿಡುವ ಸೂಜಿಯನ್ನು ಅವರ ಕೈಗೆ ಸಿಗುವಂತೆ ಇಡಬೇಕು.

ನಾಳಗಳು ಸಡಿಲಗೊಂಡ ಶಾಕ್‌ನಲ್ಲಿ ಎಲ್ಲ ತಲೆಕೆಳಗು. ಕೈ ಬೆಚ್ಚಗೆ, ಕೆಂಪಗೆ ಇರುತ್ತದೆ. ನೋಡಿದವರಿಗೆ ಬರೀ ಜ್ವರ ಅನ್ನಿಸುತ್ತದೆ. ಸೋಂಕು ರಕ್ತಕ್ಕೇರಿದ ರೋಗಿಯ ಬಿಪಿ 96/42 ಎಂದಿಟ್ಟುಕೊಳ್ಳಿ. ಅಂತರ 54, ಅಂದರೆ ಹಿಗ್ಗಿದೆ. ಕೆಳಗಿನ ಅಂಕಿಯನ್ನು ಇಮ್ಮಡಿಸಿ, ಮೇಲಿನದಕ್ಕೆ ಕೂಡಿಸಿ, ಮೂರರಿಂದ ಭಾಗಿಸಿದರೆ ಸರಾಸರಿ ಒತ್ತಡ 60. ಅದು 65ರ ಮೇಲಿರಬೇಕಿತ್ತು. ಇಲ್ಲಿ ಕಲ್ಚರ್‌ಗೆ ರಕ್ತ ತೆಗೆದು, ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಒಳಹೋಗಬೇಕು. ಕಲ್ಚರ್ ಬಾಟಲಿ ಸಿಗಲಿಲ್ಲವೆಂದು ಔಷಧಿ ನಿಲ್ಲಿಸಬಾರದು. ಇವರಿಗೆ ಡ್ರಿಪ್ ಬೇಕು, ಮೂತ್ರದ ಲೆಕ್ಕವೂ ಬೇಕು: 50 ಕೆ.ಜಿ. ತೂಕದವರಿಗೆ ಗಂಟೆಗೆ ಕನಿಷ್ಠ 25 ಮಿಲಿಲೀಟರ್.

ಇಂಜೆಕ್ಷನ್ ಕೊಟ್ಟ ಕೆಲವೇ ನಿಮಿಷದಲ್ಲಿ ಮೈಯೆಲ್ಲ ದದ್ದು, ಉಬ್ಬಸ, ಬಿಪಿ ಕುಸಿತ ಬಂದರೆ ಅದೂ ಇದೇ ಗುಂಪಿನದು, ಅಲರ್ಜಿಯ ಶಾಕ್. ಕೊಡುತ್ತಿದ್ದ ಔಷಧಿ ನಿಲ್ಲಿಸಿ, ತೊಡೆಯ ಹೊರಬದಿಯ ಸ್ನಾಯುವಿಗೆ ಅಡ್ರಿನಲಿನ್ ಕೊಡಬೇಕು. ವಯಸ್ಕರಿಗೆ ಅರ್ಧ ಮಿಲಿಗ್ರಾಂ. ಏವಿಲ್, ಸ್ಟೆರಾಯ್ಡ್ ಎಲ್ಲ ಆಮೇಲೆ. ರೋಗಿಯನ್ನು ಮಲಗಿಸಿಯೇ ಇಡಬೇಕು. ಉಸಿರಿಗೆ ತೀರಾ ಕಷ್ಟವಾದರೆ ಕೂರಿಸಬಹುದು, ಎಬ್ಬಿಸಿ ನಡೆಸಿದರೆ ಹೃದಯ ನಿಂತುಬಿಡಬಹುದು.

ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರಲ್ಲಿ ಮತ್ತೊಂದು ವಿಚಿತ್ರ: ಬಿಪಿ ಕಡಿಮೆ, ಕಾಲು ಬೆಚ್ಚಗೆ, ನಾಡಿ ಮಾತ್ರ 50ರ ಆಸುಪಾಸು ನಿಧಾನ. ಕತ್ತು ಬೆನ್ನು ಅಲುಗದಂತೆ ಹಿಡಿಯುವುದು ಮೊದಲ ಕೆಲಸ. ಹಾಗೆಂದು ಹೊಟ್ಟೆಯೊಳಗೆ ರಕ್ತ ಸೋರುತ್ತಿಲ್ಲ ಎಂದು ಖಾತ್ರಿಯಾಗುವವರೆಗೆ ಬೆನ್ನುಹುರಿಯೇ ಕಾರಣ ಎಂದು ತೀರ್ಮಾನಿಸುವಂತಿಲ್ಲ.

ಗೋಡೆಯ ಪಟ್ಟಿಗೆ ಬಗ್ಗದ ರೋಗಿಗಳೂ ಇದ್ದಾರೆ. ಸೋಂಕಿನ ಶಾಕ್ ಬಲಿತಾಗ ಬೆಚ್ಚಗಿದ್ದ ಕೈಯೂ ತಣ್ಣಗಾಗುತ್ತದೆ. ಎದೆಯಲ್ಲಿ ಗಾಳಿ ಒತ್ತುತ್ತಿದ್ದರೂ ರಕ್ತ ಬಹಳ ಹೋಗಿದ್ದರೆ ಕತ್ತಿನ ನರ ಉಬ್ಬುವುದಿಲ್ಲ. ಮನೆಯಲ್ಲಿ ಸದಾ 160 ಇರುತ್ತಿದ್ದ ಅಜ್ಜನಿಗೆ 110 ಎನ್ನುವುದು ಕುಸಿತವೇ. ಬಿಪಿಗೆಂದು ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುವವರ ನಾಡಿ, ರಕ್ತ ಹೋಗುತ್ತಿದ್ದರೂ 80 ದಾಟದಿರಬಹುದು. ಆಗ ಶಾಕ್ ಇಂಡೆಕ್ಸ್ ಕೂಡ ಮೋಸ ಮಾಡುತ್ತದೆ. ಅದಕ್ಕೇ ತುರ್ತು ವಿಭಾಗದ ಸಿಸ್ಟರ್ ಬಿಪಿ ಪಟ್ಟಿ ಕಟ್ಟುತ್ತಲೇ ಮನೆಯವರನ್ನು ಮಾತ್ರೆ ಯಾವುದು, ಮೊದಲು ಬಿಪಿ ಎಷ್ಟಿರುತ್ತಿತ್ತು, ಮೂತ್ರ ಕೊನೆಗೆ ಯಾವಾಗ ಹೋಗಿದ್ದು ಎಂದು ಕೇಳುವುದು. ಮಾತ್ರೆಯ ಹಾಳೆಯನ್ನೇ ಜೊತೆಗೆ ತಂದಿದ್ದರೆ ಆ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.